ಬಾಡಿಗೆ ಜೊತೆ ಜಿಎಸ್‌ಟಿ ಕೊಡುವ ಮೊದಲು ಓನರ್ ನಂಬರ್ ಹಾಕಿ ನೋಡಿ

ತುಮಕೂರಿನಲ್ಲಿ ಅಂಗಡಿ ಬಾಡಿಗೆಗೆ ಹಿಡಿದು, ಜಿಎಸ್‌ಟಿ ನಂಬರ್ ಇಟ್ಟುಕೊಂಡು ವ್ಯಾಪಾರ ಮಾಡುವವರು ಇದನ್ನು ಓದಿ. ಬಿ.ಎಚ್. ರಸ್ತೆ ಕಡೆ ನನ್ನದೊಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಬಾಡಿಗೆ 30,000, ಮೇಲೆ ಶೇ 18ರಂತೆ ಜಿಎಸ್‌ಟಿ 5,400. ಎರಡೂ ಸೇರಿಸಿ ತಿಂಗಳಿಗೆ 35,400 ಓನರ್ ಖಾತೆಗೆ ಹಾಕುತ್ತಿದ್ದೆ. ಆ 5,400 ನನಗೆ ಇನ್‌ಪುಟ್ ಆಗಿ ವಾಪಸ್ ಸಿಗಬೇಕಾದ ದುಡ್ಡು.

ಕೈಗೆ ಬರುತ್ತಿದ್ದದ್ದು ಮಾತ್ರ ಅಚ್ಚು ಹಾಕಿದ ಮಾಮೂಲಿ ರಸೀದಿ. ಒಟ್ಟು ಮೊತ್ತ, ರೆವಿನ್ಯೂ ಸ್ಟಾಂಪು, ಸಹಿ, ಅಷ್ಟೇ. ಅವರ ಜಿಎಸ್‌ಟಿ ನಂಬರೂ ಇಲ್ಲ, ನನ್ನದೂ ಇಲ್ಲ. ಮೊದಲ ತಿಂಗಳಿಂದಲೇ ಸರಿಯಾದ ಬಿಲ್ ಕೇಳಿದೆ. "ಆಡಿಟರ್ ಊರಲ್ಲಿಲ್ಲ ಕಣಪ್ಪ, ಎಲ್ಲಾ ಒಟ್ಟಿಗೇ ಮಾಡಿಸ್ಕೊಡ್ತೀನಿ, ನಿನ್ನ ದುಡ್ಡು ಎಲ್ಲಿಗೋಗುತ್ತೆ?" ಎನ್ನುವರು. ಹಿರಿಯರು, ಜೋರು ಮಾಡುವ ಹಾಗೂ ಇಲ್ಲ.

ಕೊನೆಗೊಂದು ದಿನ ಎಲ್ಲ ತಿಂಗಳ ಬಿಲ್ಲೂ ಬಂತು. 29ರಿಂದ ಶುರುವಾಗುವ ನಂಬರ್, ಸಿಜಿಎಸ್‌ಟಿ 2,700, ಎಸ್‌ಜಿಎಸ್‌ಟಿ 2,700, ನನ್ನ ನಂಬರ್ ಕೂಡ. ನೋಡೋಕೆ ಅಚ್ಚುಕಟ್ಟು. ಆದರೆ ನಮಗೆ ಸಿಗುವ ಇನ್‌ಪುಟ್ ತೋರಿಸುವ ಪೋರ್ಟಲ್ ಪಟ್ಟಿ GSTR-2Bಯಲ್ಲಿ ಒಂದೂ ಕಾಣಲಿಲ್ಲ. ನಮ್ಮ ಆಡಿಟರ್ gst.gov.in ತೆರೆದು, Search Taxpayerನಲ್ಲಿ ಆ ನಂಬರ್ ಹಾಕಿದರು. ಬಂದದ್ದು Cancelled suo-moto. ಅಂದರೆ ಇಲಾಖೆಯೇ ರದ್ದು ಮಾಡಿದೆ, ಅದೂ ನಾನು ಅಂಗಡಿಗೆ ಬರುವುದಕ್ಕೂ ಮುಂಚೆ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ.

ಇನ್‌ಪುಟ್ ಹೋದದ್ದು ಒಂದು ಏಟು. ಇನ್ನೊಂದು ಕೇಳಿ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಓನರ್ ನೋಂದಾಯಿತ ವ್ಯಾಪಾರಿಗೆ ವಾಣಿಜ್ಯ ಜಾಗ ಬಾಡಿಗೆಗೆ ಕೊಟ್ಟರೆ, ತೆರಿಗೆ ಕಟ್ಟುವ ಹೊಣೆ ಬಾಡಿಗೆದಾರನದೇ. ಇದೇ ರಿವರ್ಸ್ ಚಾರ್ಜ್ (ಕಾಂಪೊಸಿಷನ್‌ನಲ್ಲಿರುವವರಿಗೆ ಆಮೇಲೆ ಇದರಿಂದ ವಿನಾಯಿತಿ ಸಿಕ್ಕಿತು, ನಾನು ಅದರಲ್ಲಿಲ್ಲ). ಹೀಗಾಗಿ ಓನರಿಗೆ ಕೊಟ್ಟ 5,400 ಅಲ್ಲದೆ, ಇನ್ನೊಂದು 5,400ರಂತೆ ಪ್ರತಿ ತಿಂಗಳದ್ದನ್ನೂ ಸರ್ಕಾರಕ್ಕೆ ನಗದಾಗಿ ಕಟ್ಟಿದೆ, ತಡವಾದದ್ದಕ್ಕೆ ಬಡ್ಡಿ ಬೇರೆ. ಹೀಗೆ ಕಟ್ಟಿದ ತೆರಿಗೆಗೆ ನಾನೇ ಸೆಲ್ಫ್ ಇನ್‌ವಾಯ್ಸ್ ಮಾಡಿ ಇನ್‌ಪುಟ್ ತೆಗೆದುಕೊಂಡೆ. ಬಡ್ಡಿಗೆ ಇನ್‌ಪುಟ್ ಇಲ್ಲ. ಓನರ್ ಹತ್ತಿರ ಉಳಿದದ್ದನ್ನು ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ ಅಂದರೆ ಇನ್ನೂ ಒಪ್ಪಿಲ್ಲ.

ಕರಾರು ಬರೆಸುವ ದಿನವೇ ಓನರ್ ನಂಬರ್ ಹಾಕಿ ನೋಡಿ. Active ಇದ್ದರೆ ಸಾಲದು, ಅಲ್ಲೇ ಕೆಳಗೆ ರಿಟರ್ನ್ ಯಾವ ತಿಂಗಳವರೆಗೆ ಹಾಕಿದ್ದಾರೆ ಅನ್ನುವುದೂ ಸಿಗುತ್ತದೆ. ಬಾಡಿಗೆ ಮೊದಲು, ಜಿಎಸ್‌ಟಿ ಮೊತ್ತ 2Bಯಲ್ಲಿ ಬಿಲ್ ಕಂಡ ಮೇಲೆ ಎಂದು ಕರಾರಿನಲ್ಲೇ ಬರೆಸಿ. ನಂಬರ್ ಇಲ್ಲದ ಓನರಾದರೆ ಬರೀ 30,000 ಕೊಟ್ಟು, ತೆರಿಗೆ ನೀವೇ ಕಟ್ಟಿ. ಒಂದು ವಿಷಯ ಮಾತ್ರ ನೆನಪಿರಲಿ: ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಓನರ್ ಆಗಿದ್ದರೆ ಬಿಲ್ ಕಾಣಲು ಅಷ್ಟು ಸಮಯ ಹಿಡಿಯಬಹುದು, ಅದಕ್ಕೇ ಜಗಳ ತೆಗೆಯಬೇಡಿ.