ಡಿಸ್ಕ್ ಸತ್ತಿದೆ ಅಂದರು, ಸತ್ತಿದ್ದು ಕೇಬಲ್

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ಜವಳ, ಯಾವುದು ಬಂದರೂ ಮಾಡುತ್ತೇನೆ. ತೆಗೆದ ಫೋಟೋ ಎಲ್ಲ ಹೋಗಿ ಕೂರುವುದು 2 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ. ಅಂಗೈಯಷ್ಟಿರುವ, ಬೇರೆ ಅಡಾಪ್ಟರ್ ಬೇಡದ, ಒಂದೇ ಕೇಬಲ್‌ನಲ್ಲಿ ನಡೆಯುವ ಡಿಸ್ಕ್. ಈ ಸೀಸನ್‌ನಲ್ಲಿ ಅದು ನನಗೆ ಕೊಟ್ಟ ಕಾಟ ಇನ್ನೊಬ್ಬರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೆ. ಅದರಲ್ಲಿ ಇರುವುದೇ ಎರಡು ಯುಎಸ್‌ಬಿ ಪೋರ್ಟ್. ಮೌಸ್, ಕಾರ್ಡ್ ರೀಡರ್, ಡಿಸ್ಕ್ ಎಲ್ಲ ಸೇರಿದರೆ ಸಾಲುವುದಿಲ್ಲ. ಹಾಗಾಗಿ ಮುನ್ನೂರೈವತ್ತು ರೂಪಾಯಿ ಕೊಟ್ಟು ನಾಲ್ಕು ಪೋರ್ಟಿನ ಒಂದು ಹಬ್ ತಂದೆ. ಒಳಗೆ ನೀಲಿ ಬಣ್ಣ, ಮೇಲೆ 3.0 ಅಂತ ಬರಹ, ಕರೆಂಟಿಗೆ ಚುಚ್ಚುವ ಅಡಾಪ್ಟರ್ ಮಾತ್ರ ಇಲ್ಲ. ಮೌಸ್ ನಡೆಯಿತು, ಪೆನ್ ಡ್ರೈವ್ ನಡೆಯಿತು. ಹಬ್ ಚೆನ್ನಾಗಿದೆ ಅಂದುಕೊಂಡೆ.

ಡಿಸ್ಕ್ ಚುಚ್ಚಿದಾಗ ದೀಪ ಹತ್ತಿತು. ಒಳಗೆ ಚಕ್ರ ತಿರುಗಲು ಹೊರಟ ಸದ್ದು, ಆಮೇಲೆ ಒಂದು ‘ಟಿಕ್’, ಮತ್ತೆ ಮೊದಲಿನಿಂದ ಅದೇ ಸದ್ದು. ವಿಂಡೋಸ್ ಟುಣ್ ಅನ್ನುತ್ತದೆ, ಎರಡು ಸೆಕೆಂಡಿಗೆ ಮತ್ತೆ ಟುಣ್. ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ `Unknown USB Device (Device Descriptor Request Failed)`. ನಾಲ್ಕೈದು ಸಲ ತೆಗೆದು ಚುಚ್ಚಿದ ಮೇಲೆ ಹೇಗೋ ಬಂತು. ಬಂತಲ್ಲ ಅಂತ ಲಕ್ಕುಂಡಿಯ ಮದುವೆಯೊಂದರ ಫೋಟೋಗಳನ್ನು ಕಾರ್ಡ್‌ನಿಂದ ಡಿಸ್ಕ್‌ಗೆ ಹಾಕಲು ಕೂತೆ. ಕಾಪಿ ಅಲ್ಲ, ಕಟ್ ಮಾಡಿ ಪೇಸ್ಟ್! ಆ ದಡ್ಡತನದ ಕಥೆ ಮುಂದೆ ಹೇಳುತ್ತೇನೆ. ಮೂರನೇ ಒಂದು ಪಾಲು ಹೋಗಿರಬೇಕು, ಡಿಸ್ಕ್ ಮಾಯ. ಮತ್ತೆ ಚುಚ್ಚಿದಾಗ ಬಂದದ್ದು ಈ ಮಾತು: `You need to format the disk in drive E: before you can use it.`

ಪಕ್ಕದಲ್ಲಿದ್ದ ಅಕ್ಕನ ಮಗ, ‘ಮಾಮಾ, ಫಾರ್ಮ್ಯಾಟ್ ಮಾಡಂತ ಅದೇ ಹೇಳಾಕತ್ತೈತಿ, ಒತ್ತಲೇನು?’ ಅಂದ. ಮೌಸ್ ಕಸಿದುಕೊಂಡೆ. ಆ ಹೊತ್ತಿನಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ವಿಂಡೋಸ್ ಆ ಮಾತು ಹೇಳುವುದು ಡಿಸ್ಕ್ ಖಾಲಿ ಇದೆ ಅಂತ ಅಲ್ಲ. ಮೊದಲ ಕೆಲವು ಭಾಗ ಸರಿಯಾಗಿ ಓದಲು ಬರಲಿಲ್ಲ ಅಂತ ಅಷ್ಟೇ. ಓದುವ ನಡುವೆ ಕರೆಂಟ್ ಕುಸಿದರೂ ಅದು ಹೀಗೆಯೇ ಹೇಳುತ್ತದೆ. `chkdsk /f` ಕೂಡ ಆಗ ಓಡಿಸಬೇಡಿ. ಸಂಪರ್ಕವೇ ಹೋಗಿ ಬಂದು ಮಾಡುತ್ತಿರುವಾಗ ಅದು ರಿಪೇರಿ ಅಂತ ಬರೆಯಲು ಹೊರಟು, ಚೆನ್ನಾಗಿದ್ದದ್ದನ್ನೂ ಕೆಡಿಸಬಹುದು.

ನಾನೂ ಸುಮ್ನೆ ಕೂರಲಿಲ್ಲ. ಹಬ್ ಬಿಟ್ಟು ಅದೇ ಕೇಬಲ್‌ನಿಂದ ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಅದೇ ಟಿಕ್. ಆಮೇಲೆ ಪಕ್ಕದ ಅಂಗಡಿಯವರಿಂದ ಬೇರೆ ಕೇಬಲ್ ತಂದು ಹಬ್‌ಗೆ ಚುಚ್ಚಿದೆ. ಮತ್ತೆ ಟಿಕ್. ಹಬ್ ತೆಗೆದು ನೋಡಿದೆ, ಕೇಬಲ್ ಬದಲಿಸಿ ನೋಡಿದೆ, ಇನ್ನು ಉಳಿದದ್ದು ಡಿಸ್ಕ್ ಒಂದೇ ಅಲ್ವಾ? ಹಾಗೆ ಅಂದುಕೊಂಡು ಬೆಳಗಿನ ರೈಲು ಹಿಡಿದು ಹುಬ್ಬಳ್ಳಿಗೆ ಹೋದೆ.

ಅಲ್ಲಿನ ಒಂದು ಅಂಗಡಿಯಲ್ಲಿ ನಾನು ಕೊಟ್ಟ ಕೇಬಲ್‌ನಲ್ಲೇ, ಕೌಂಟರ್ ಮೇಲಿದ್ದ ಅವರ ಹಬ್‌ಗೆ ಚುಚ್ಚಿ, ಕಿವಿ ಹತ್ತಿರ ಹಿಡಿದು ಕೇಳಿದರು. ‘ಹೆಡ್ ಹೋಗೇತ್ರಿ ಸರ್. ಬಿಚ್ಚಬೇಕು. ಡೇಟಾ ಬೇಕಂದ್ರ ಹದಿನಾಲ್ಕು ಸಾವಿರ ಆಗ್ತೇತಿ, ಗ್ಯಾರಂಟಿ ಇಲ್ಲ.’ ಹೆಡ್ ಅಂದರೆ ಒಳಗೆ ತಿರುಗುವ ತಟ್ಟೆಯ ಮೇಲೆ ಓದುವ, ಬರೆಯುವ ಭಾಗ. ನೋಡಿದ್ದಕ್ಕೆ ಐನೂರು ಬೇರೆ. ಹೂಂ ಅನ್ನುವುದು ಬಾಯಿಯ ತುದಿಯಲ್ಲಿತ್ತು. ಸಾಮಾನ್ಯ ಮೇಜಿನ ಮೇಲೆ ಡಿಸ್ಕ್ ಬಿಚ್ಚಿದರೆ ಒಂದು ಕಣ ಧೂಳೂ ಒಳಗಿನ ತಟ್ಟೆಯನ್ನು ಗೀಚಬಹುದು ಅನ್ನುವುದು ನೆನಪಾಗಿ, ನಾಳೆ ಹೇಳುತ್ತೇನೆ ಅಂತ ಎದ್ದು ಬಂದೆ.

ಧಾರವಾಡದಲ್ಲಿ ಪಾಲಿಟೆಕ್ನಿಕ್ ಲ್ಯಾಬ್ ನೋಡಿಕೊಳ್ಳುವ ಹಳೆಯ ಗೆಳೆಯ ಒಬ್ಬನಿದ್ದಾನೆ. ಅಷ್ಟು ದೂರ ಬಂದಿದ್ದೇನೆ ಅಂತ ಅವನ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಲೇ, ಹಬ್ಬು ಕೇಬಲ್ಲು ಎರಡೂ ಒಮ್ಮೆಲೇ ಬದ್ಲಿ ಮಾಡಿ ನೋಡಿಯೇನು?’

ನೋಡಿರಲಿಲ್ಲ. ಹಬ್ ತೆಗೆದಾಗ ಕೆಟ್ಟ ಕೇಬಲ್ ಇತ್ತು. ಕೇಬಲ್ ಬದಲಿಸಿದಾಗ ಹಬ್ ಇತ್ತು. ಹುಬ್ಬಳ್ಳಿಯ ಅಂಗಡಿಯಲ್ಲಂತೂ ಎರಡೂ ಇದ್ದವು. ಅವನು ತನ್ನ ಡೆಸ್ಕ್‌ಟಾಪ್‌ನ ಹಿಂದಿನ ಪೋರ್ಟ್‌ಗೆ, ತನ್ನದೇ ಗಿಡ್ಡ ಕೇಬಲ್‌ನಿಂದ ಡಿಸ್ಕ್ ಚುಚ್ಚಿದ. ಟಿಕ್ ಇಲ್ಲ. ಒಂದೇ ಉಸಿರಿಗೆ ತಿರುಗಿತು, ನನ್ನ ಫೋಲ್ಡರ್‌ಗಳೆಲ್ಲ ತೆರೆದುಕೊಂಡವು. ಮೊದಲು ಎಲ್ಲವನ್ನೂ ಅವನ ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡೆವು. ಮಿರ್ಚಿ, ಚಹಾ ಎಲ್ಲ ಅದಾದ ಮೇಲೆಯೇ.

ಆಮೇಲೆ ಅವನು ಕಾರಣ ತೋರಿಸಿದ. ಯುಎಸ್‌ಬಿ 3.0 ಪೋರ್ಟ್ ಒಂದು ಸಾಧನಕ್ಕೆ ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 900 ಮಿಲಿ ಆಂಪಿಯರ್. ಹಳೆಯ 2.0 ಆದರೆ 500. ಕೆಲವು ಲ್ಯಾಪ್‌ಟಾಪ್ ಅದಕ್ಕಿಂತ ಜಾಸ್ತಿ ಕೊಡುತ್ತವೆ, ಆದರೆ ಅದು ಅವುಗಳ ಔದಾರ್ಯ. ಅಡಾಪ್ಟರ್ ಇಲ್ಲದ ಹಬ್‌ಗೆ ತನ್ನದು ಅಂತ ಕರೆಂಟ್ ಇಲ್ಲ. ಆ ಒಂದು ಪೋರ್ಟಿನ ಕರೆಂಟನ್ನೇ ತಾನು ತಿಂದು, ಉಳಿದದ್ದನ್ನು ಹಂಚುತ್ತದೆ. ನಿಯಮದ ಪ್ರಕಾರ ಅಂಥ 3.0 ಹಬ್ ತನ್ನ ಒಂದೊಂದು ಪೋರ್ಟ್‌ಗೆ ಭರವಸೆ ಕೊಡುವುದು ಬರೀ 150 ಮಿಲಿ ಆಂಪಿಯರ್. ಮೌಸ್‌ಗೆ ಅದು ಧಾರಾಳ. ನನ್ನ ಡಿಸ್ಕ್‌ನ ಹಿಂದೆ ‘5V 1A’ ಅಂತ ಅಚ್ಚಾಗಿದೆ. ತಿರುಗಿದ ಮೇಲೆ ಅದರ ಅರ್ಧವೋ ಏನೋ ಸಾಕು. ನಿಂತ ತಟ್ಟೆಯನ್ನು ಎಬ್ಬಿಸುವ ಮೊದಲ ಕೆಲವು ಸೆಕೆಂಡ್ ಮಾತ್ರ ಪೂರ್ತಿ ಬೇಕು. ತುಂಬಿದ ಚಕ್ಕಡಿ ಎಳೆಯುವ ಎತ್ತಿಗೂ ಮೊದಲ ಹೆಜ್ಜೆಯೇ ಭಾರ ಅಲ್ವಾ?

ಅಗ್ಗದ ಹಬ್‌ಗಳಲ್ಲಿ ಇನ್ನೊಂದು ಮೋಸ ಇದೆ. ಎಷ್ಟೋ ಹಬ್‌ಗಳು ‘ನನಗೆ ನನ್ನದೇ ಕರೆಂಟ್ ಇದೆ’ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತವೆ. ಹಾಗಾಗಿ ಕರೆಂಟ್ ಸಾಲದು ಅನ್ನುವ ಎಚ್ಚರಿಕೆಯೇ ಬರುವುದಿಲ್ಲ. ಬರುವುದು ಬರೀ ‘ಗುರುತಿಸಲಾಗಲಿಲ್ಲ’ ಅನ್ನುವ ದೂರು.

ಅವನ ಬಳಿ ಪೋರ್ಟ್‌ಗೂ ಕೇಬಲ್‌ಗೂ ನಡುವೆ ಚುಚ್ಚುವ ಸಣ್ಣ ಯುಎಸ್‌ಬಿ ಮೀಟರ್ ಇತ್ತು. ನನ್ನ ಲ್ಯಾಪ್‌ಟಾಪ್‌ನ ಪೋರ್ಟ್‌ನಲ್ಲಿ ಡಿಸ್ಕ್ ಏಳುವಾಗ 4.92 ವೋಲ್ಟ್ ತೋರಿಸಿತು. ಅದೇ ಮೀಟರ್ ಹಬ್‌ನ ಪೋರ್ಟ್‌ನಲ್ಲಿ ಇಟ್ಟರೆ 4.52. ಅಲ್ಲಿಂದ ಡಿಸ್ಕ್‌ನ ಕೇಬಲ್‌ನಲ್ಲಿ ಇನ್ನೂ ಇಳಿಯುತ್ತದೆ. ಲೆಕ್ಕ ಸುಲಭ. ಹಬ್‌ನಲ್ಲೂ ಕೇಬಲ್‌ನಲ್ಲೂ ಇದ್ದದ್ದು 28 ನಂಬರಿನ ತೆಳು ತಂತಿ, ಮೀಟರಿಗೆ ಸುಮಾರು 0.21 ಓಮ್. ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ ಉದ್ದ ಎರಡು ಪಟ್ಟು. ಅರ್ಧ ಮೀಟರ್ ಕೇಬಲ್‌ನಲ್ಲೂ 0.21 ಓಮ್ ಆಯಿತು. 0.9 ಆಂಪಿಯರ್ ಹರಿದರೆ ಅಲ್ಲೇ 0.19 ವೋಲ್ಟ್ ಹೋಯಿತು. ಡಿಸ್ಕ್‌ಗೆ ಮುಟ್ಟಿದ್ದು 4.33. ಇಂಥ ಡಿಸ್ಕ್‌ಗಳು 5 ವೋಲ್ಟ್‌ನಿಂದ ಶೇಕಡಾ 5, ಹೆಚ್ಚೆಂದರೆ 10 ಇಳಿದರೆ ತಡೆದುಕೊಳ್ಳುತ್ತವೆ. ಶೇಕಡಾ 10 ಅಂದರೂ 4.5. ಅದರ ಕೆಳಗೆ ಡಿಸ್ಕ್ ಹೆದರಿ ಹೆಡ್ ಅನ್ನು ಒಳಕ್ಕೆ ಎಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ನಾವು ಕೇಳಿದ ಟಿಕ್ ಅದೇ.

ಇನ್ನು ನನ್ನ ಕೇಬಲ್. ಹೊರಗಿನಿಂದ ಏನೂ ಆಗಿರಲಿಲ್ಲ. ಡಿಸ್ಕ್ ಕಡೆಯ ಅಗಲ ಪ್ಲಗ್‌ನ ಬುಡದಲ್ಲಿ, ಬ್ಯಾಗಿನಲ್ಲಿ ಮಡಚಿ ಮಡಚಿ ಇಟ್ಟಿದ್ದ ಜಾಗದಲ್ಲಿ, ಒಳಗೆ ಎಳೆಗಳು ಹರಿದಿದ್ದವು. ಉಳಿದ ಒಂದೆರಡು ಎಳೆಯಲ್ಲಿ ಅಷ್ಟು ಕರೆಂಟ್ ಹೋಗುವುದಿಲ್ಲ. ಹಾಗಾಗಿ ನೇರವಾಗಿ ಚುಚ್ಚಿದರೂ ವೋಲ್ಟೇಜ್ ಬೀಳುತ್ತಿತ್ತು. ಗೆಳೆಯ ಲಿನಕ್ಸ್‌ನಲ್ಲಿ, ಸಾಧನ ಬಂದದ್ದು ಹೋದದ್ದನ್ನು ಆಗಿಂದಾಗಲೇ ತೋರಿಸುವ `dmesg -w` ಹಾಕಿ, ಅದೇ ಕೇಬಲ್‌ನಿಂದ ಡಿಸ್ಕ್ ಚುಚ್ಚಿ ಬುಡವನ್ನು ಸ್ವಲ್ಪ ಅಲುಗಾಡಿಸಿದ:

```
usb 2-1: new SuperSpeed USB device number 5 using xhci_hcd
usb 2-1: USB disconnect, device number 5
usb 1-1: new high-speed USB device number 9 using xhci_hcd
```

ಮೂರನೇ ಸಾಲು ನೋಡಿ. ಮೊದಲು SuperSpeed ಅಂದರೆ 3.0 ವೇಗದಲ್ಲಿ ಬಂದ ಡಿಸ್ಕ್, ಬಿದ್ದು ಎದ್ದಾಗ high-speed ಅನ್ನುವ ಹಳೆಯ 2.0 ವೇಗಕ್ಕೆ ಇಳಿದಿದೆ. ಆ ಅಗಲ ಪ್ಲಗ್‌ನಲ್ಲಿ ಎರಡು ಭಾಗ ಇರುತ್ತವೆ. ದೊಡ್ಡ ಭಾಗದಲ್ಲಿ ಕರೆಂಟ್ ಮತ್ತು ಹಳೆಯ 2.0 ತಂತಿಗಳು, ಚಿಕ್ಕ ಭಾಗದಲ್ಲಿ 3.0 ತಂತಿಗಳು. ಚಿಕ್ಕ ಭಾಗ ಕೈಕೊಟ್ಟರೆ ಡಿಸ್ಕ್ ಕಾಣುತ್ತದೆ, ಆದರೆ ಸೆಕೆಂಡಿಗೆ ನೂರು ಎಂಬಿ ಹೋಗುತ್ತಿದ್ದ ಕಾಪಿ 35-40ಕ್ಕೆ ಬಂದು ನಿಲ್ಲುತ್ತದೆ. ಇದು ನನಗೆ ಮೂರು ತಿಂಗಳ ಹಿಂದೆಯೇ ಆಗಿತ್ತು. ಡಿಸ್ಕ್‌ಗೆ ವಯಸ್ಸಾಯಿತು ಅಂದುಕೊಂಡು ಬಿಟ್ಟಿದ್ದೆ.

ಹಳೆಯ ಫೋನಿನ ಮೈಕ್ರೋ ಯುಎಸ್‌ಬಿ ಕೇಬಲ್ ಕೂಡ ಆ ದೊಡ್ಡ ಭಾಗಕ್ಕೆ ಹಿಡಿಯುತ್ತದೆ. ಆದರೆ ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ದೀಪ ಹತ್ತುತ್ತದೆ, ಕಂಪ್ಯೂಟರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಅದನ್ನು ಇಟ್ಟುಕೊಂಡು ಡಿಸ್ಕ್ ಪರೀಕ್ಷೆ ಮಾಡಬೇಡಿ.

ಡಿಸ್ಕ್ ನಿಜವಾಗಿ ಚೆನ್ನಾಗಿದೆಯೇ ಅಂತ ಕೊನೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದೆವು. ಕೆಟ್ಟ ಜಾಗಗಳ ಲೆಕ್ಕ ಇಡುವ `05` ಮತ್ತು `C5` ಸಾಲುಗಳಲ್ಲಿ ಸೊನ್ನೆ. ಅವು ಏರಿದ್ದರೆ ಡಿಸ್ಕ್ ಮೇಲೆಯೇ ಅನುಮಾನ ಪಡಬೇಕಿತ್ತು. ನನ್ನದರಲ್ಲಿ ಏರಿದ್ದು `C0`, ಅಂದರೆ ಕರೆಂಟ್ ಹಠಾತ್ ಹೋಗಿ ಹೆಡ್ ಒಳಕ್ಕೆ ಓಡಿದ ಲೆಕ್ಕ. ನೂರಾರು ಸಲ! ಪ್ರತಿ ಟಿಕ್‌ಗೂ ಅಲ್ಲಿ ಸಾಕ್ಷಿ ಇತ್ತು.

ನಿಮಗೂ ಹೀಗಾದರೆ ಡೆಸ್ಕ್‌ಟಾಪ್‌ನ ಹಿಂದಿನ ಪೋರ್ಟ್ ಹುಡುಕಿ. ಮುಂದಿನ ಪೋರ್ಟ್ ಬೇಡ, ಅದಕ್ಕೆ ಕ್ಯಾಬಿನೆಟ್ ಒಳಗೆ ಇನ್ನೊಂದು ಉದ್ದ ಕೇಬಲ್ ಇರುತ್ತದೆ. ಬೇರೆ ಡಿಸ್ಕ್‌ನಲ್ಲಿ ನಡೆಯುತ್ತಿರುವ ಗಿಡ್ಡ ಕೇಬಲ್ ಹಾಕಿ, ನಡುವೆ ಏನೂ ಇಲ್ಲದೆ ಚುಚ್ಚಿ. ಅಲ್ಲೂ ಟಿಕ್ ಟಿಕ್ ಅಂದರೆ ನಿಲ್ಲಿಸಿ, ಮತ್ತೆ ಮತ್ತೆ ಚುಚ್ಚಬೇಡಿ. ಆಗ ಹೆಡ್ ನಿಜವಾಗಿಯೂ ಹೋಗಿರಬಹುದು, ಓಡಿಸಿದಷ್ಟೂ ತಟ್ಟೆ ಕೆಡುತ್ತದೆ. ಅಡಾಪ್ಟರ್ ಜೊತೆ ಬರುವ ದೊಡ್ಡ 3.5 ಇಂಚಿನ ಡಿಸ್ಕ್‌ಗೆ ಈ ಹಬ್ ಕರೆಂಟಿನ ಕಥೆ ಅನ್ವಯಿಸುವುದಿಲ್ಲ.

ಕಟ್-ಪೇಸ್ಟ್ ಕಥೆ ಬಾಕಿ ಇತ್ತು. ಡಿಸ್ಕ್ ಮಾಯವಾದ ಕ್ಷಣದಲ್ಲಿ ವಿಂಡೋಸ್ ಲೆಕ್ಕದಲ್ಲಿ ಹೋಗಿದ್ದ, ಆದರೆ ತಟ್ಟೆಯ ಮೇಲೆ ಇನ್ನೂ ಬರೆದಿರದ ಅರಿಶಿನ ಶಾಸ್ತ್ರದ 37 ಫೋಟೋ ತೆರೆಯಲೇ ಇಲ್ಲ. ಕಾರ್ಡ್‌ನಿಂದ ಅಳಿಸಿ ಹೋಗಿದ್ದವು. ಕಾರ್ಡ್ ಹಾಗೇ ಇಟ್ಟಿದ್ದರೆ ವಾಪಸ್ ತೆಗೆಯಬಹುದಿತ್ತು. ಅಷ್ಟರಲ್ಲಿ ಅದೇ ಕಾರ್ಡ್‌ನಲ್ಲಿ ಒಂದು ಸೀಮಂತ ಮುಗಿಸಿದ್ದೆ. ಹುಡುಗಿಯ ಅಪ್ಪನಿಗೆ ಹೇಳಲು ಲಕ್ಕುಂಡಿಗೆ ನಾನೇ ಹೋದೆ. ಅವರು ಬೈಯಲಿಲ್ಲ, ‘ಇರ್ಲಿ ಬಿಡ್ರಿ’ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಈಗ 24 ನಂಬರಿನ ದಪ್ಪ ತಂತಿಯ, 30 ಸೆಂಟಿಮೀಟರ್ ಕೇಬಲ್ ಇದೆ. ಕೇಬಲ್ ಮೇಲೆ ‘24AWG’ ಅಂತ ಅಚ್ಚಿರುತ್ತದೆ, ನಂಬರ್ ಕಡಿಮೆ ಇದ್ದಷ್ಟೂ ತಂತಿ ದಪ್ಪ. ಡಿಸ್ಕ್ ನೇರವಾಗಿ ಲ್ಯಾಪ್‌ಟಾಪ್‌ಗೆ. ಎರಡು ಡಿಸ್ಕ್ ಒಟ್ಟಿಗೆ ಬೇಕಾದಾಗ 5 ವೋಲ್ಟ್ 4 ಆಂಪಿಯರ್ ಅಡಾಪ್ಟರ್ ಇರುವ ಹಬ್. ಹಳೆಯ ಹಬ್‌ನಲ್ಲಿ ಮೌಸ್ ಕೂತಿದೆ. ಹಳೆಯ ಕೇಬಲ್ ಡ್ರಾಯರ್‌ನಲ್ಲಿದ್ದರೆ ಅಕ್ಕನ ಮಗ ಮತ್ತೆ ಎತ್ತಿಕೊಳ್ಳುತ್ತಾನೆ ಅಂತ, ಕಟರ್ ತಗೊಂಡು ನಡುವೆ ಎರಡು ತುಂಡು ಮಾಡಿ ಎಸೆದೆ.