ಮೂರು ವರ್ಷ ಬಳಸಿದ ಕೋಆರ್ಡಿನೇಷನ್ ಸಂಯುಕ್ತಗಳ ವರ್ಕ್‌ಶೀಟ್: ಒಂದು ವಿಮರ್ಶೆ

ಹಾಸನದಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುವ ನಾನು, ಇಲ್ಲಿನ ಪುಸ್ತಕದ ಅಂಗಡಿಯಲ್ಲಿ ಕೊಂಡ ಈ ವರ್ಕ್‌ಶೀಟನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಮುದ್ರಣ ಸ್ಪಷ್ಟವಾಗಿದೆ, ಉತ್ತರ ಬರೆಯಲು ಸಾಕಷ್ಟು ಜಾಗವಿದೆ. ನನ್ನ ತಕರಾರು ಇರುವುದು ಪ್ರಶ್ನೆಗಳನ್ನು ಜೋಡಿಸಿರುವ ಕ್ರಮದ ಬಗ್ಗೆ.

ಮೊದಲ ಎಂಟು ಪ್ರಶ್ನೆಗಳಲ್ಲಿ ಬರುವುದು ಅಮೋನಿಯ, ನೀರು, ಕ್ಲೋರೈಡ್, ಸಯನೈಡ್ ಮಾತ್ರ. ಇವೆಲ್ಲ ಲೋಹಕ್ಕೆ ಒಂದೇ ಪರಮಾಣುವಿನಿಂದ ಅಂಟಿಕೊಳ್ಳುವ ಲಿಗ್ಯಾಂಡ್‌ಗಳಾದ್ದರಿಂದ, ಆವರಣದೊಳಗಿನ ಲಿಗ್ಯಾಂಡ್‌ಗಳನ್ನು ಎಣಿಸಿದರೆ ಸಾಕು, ಕೋಆರ್ಡಿನೇಷನ್ ಸಂಖ್ಯೆ ಸರಿಯಾಗಿಯೇ ಬರುತ್ತದೆ. ಮಕ್ಕಳು ಅದನ್ನೇ ನಿಯಮವೆಂದು ನಂಬಿಬಿಡುತ್ತಾರೆ. ಒಂಬತ್ತನೆಯ ಪ್ರಶ್ನೆ [Co(en)2Cl2]Cl. ಎರಡು en, ಎರಡು ಕ್ಲೋರೈಡ್, ಆದ್ದರಿಂದ ನಾಲ್ಕು ಎಂದು ಪ್ರತಿವರ್ಷವೂ ಅರ್ಧ ತರಗತಿ ಬರೆಯುತ್ತದೆ. ಹೆಚ್ಚು ಬೇಸರದ ಸಂಗತಿಯೆಂದರೆ ವರ್ಕ್‌ಶೀಟಿನ ಕೊನೆಯಲ್ಲಿರುವ ಉತ್ತರಸೂಚಿಯಲ್ಲೂ ನಾಲ್ಕು ಎಂದೇ ಅಚ್ಚಾಗಿದೆ.

ಸರಿಯಾದ ಉತ್ತರ ಆರು. en ಎಂದರೆ ಈಥೇನ್-1,2-ಡೈಅಮೀನ್. ಅದರ ಎರಡು ತುದಿಗಳಲ್ಲೂ ಒಂದೊಂದು ನೈಟ್ರೋಜನ್ ಇದ್ದು, ಎರಡೂ ಕೋಬಾಲ್ಟ್‌ಗೆ ಇಲೆಕ್ಟ್ರಾನ್ ಜೋಡಿ ಕೊಡುತ್ತವೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಅಂಚಿನಲ್ಲಿ H2N–CH2–CH2–NH2 ಎಂದು ಬರೆದು, ಎರಡು N ಗಳಿಗೂ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, "ಸರ್, ಕೈ ಎರಡಿವೆಯಲ್ಲ, ಒಂದನ್ನೇ ಏಕೆ ಎಣಿಸಬೇಕು?" ಎಂದು ಕೇಳಿದಳು. ಅವಳ ಆ ಸುತ್ತನ್ನೇ ನಾನು ಈಗ ಎಲ್ಲರಿಗೂ ಹೇಳಿಕೊಡುತ್ತಿದ್ದೇನೆ: ಲಿಗ್ಯಾಂಡ್‌ಗಳನ್ನಲ್ಲ, ಲೋಹವನ್ನು ಮುಟ್ಟುವ ಪರಮಾಣುಗಳನ್ನು ಎಣಿಸಬೇಕು. ನಾಲ್ಕು ನೈಟ್ರೋಜನ್, ಎರಡು ಕ್ಲೋರಿನ್. ಆವರಣದ ಹೊರಗಿನ ಕ್ಲೋರೈಡ್ ಲೆಕ್ಕಕ್ಕಿಲ್ಲ. ಸಿಲ್ವರ್ ನೈಟ್ರೇಟ್ ಹಾಕಿದಾಗ ಕೂಡಲೇ ಬಿಳಿ ಒತ್ತರವಾಗಿ ಬೀಳುವುದು ಅದೊಂದೇ.

ಹೆಸರಿಡುವಾಗ ಮೊದಲು ಉತ್ಕರ್ಷಣ ಸಂಖ್ಯೆ ತಿಳಿಯಬೇಕು. ಹೊರಗೆ ಒಂದು ಕ್ಲೋರೈಡ್ ಇರುವುದರಿಂದ ಆವರಣದ ಒಟ್ಟು ಆವೇಶ +1. en ಗೆ ಆವೇಶವಿಲ್ಲ, ಎರಡು ಕ್ಲೋರೈಡ್‌ಗಳದು −2. ಹಾಗಾಗಿ ಕೋಬಾಲ್ಟ್ +3. ಲಿಗ್ಯಾಂಡ್‌ಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರೆಯುವಾಗ ಡೈ, ಬಿಸ್ ಎಂಬ ಪೂರ್ವಪದಗಳನ್ನು ಲೆಕ್ಕಿಸಬಾರದು. en ನ ಹೆಸರಿನೊಳಗೇ ಡೈ ಇರುವುದರಿಂದ ಎರಡು ಎನ್ನಲು ಬಿಸ್ ಬೇಕು. ಹೀಗೆ ಡೈಕ್ಲೋರಿಡೊಬಿಸ್(ಈಥೇನ್-1,2-ಡೈಅಮೀನ್)ಕೋಬಾಲ್ಟ್(III) ಕ್ಲೋರೈಡ್ ಆಗುತ್ತದೆ. ವರ್ಕ್‌ಶೀಟ್ ಇನ್ನೂ ಡೈಕ್ಲೋರೊ ಎಂಬ ಹಳೆಯ ರೂಪವನ್ನೇ ಉಳಿಸಿಕೊಂಡಿದೆ. 2005ರ ಐಯುಪಿಎಸಿ ಶಿಫಾರಸಿನ ಪ್ರಕಾರ ಅದು ಕ್ಲೋರಿಡೊ.

ಹದಿನಾಲ್ಕನೆಯ ಪ್ರಶ್ನೆ K3[Fe(C2O4)3] ಮಾತ್ರ ಬಹಳ ಒಳ್ಳೆಯದು. ಆಕ್ಸಲೇಟ್ ಎರಡು ಆಕ್ಸಿಜನ್‌ಗಳಿಂದ ಕಬ್ಬಿಣವನ್ನು ಹಿಡಿಯುವುದರಿಂದ ಇಲ್ಲಿಯೂ ಉತ್ತರ ಆರು. ಮೂರು ಎಂದು ಬರೆದವರಿಗೆ ಒಂಬತ್ತನೆಯದು ಅರ್ಥವಾಗಿಲ್ಲವೆಂದು ತಕ್ಷಣ ಗೊತ್ತಾಗುತ್ತದೆ. ಆದ್ದರಿಂದ ಈ ವರ್ಷ ನಾನು ಒಂಬತ್ತನೆಯ ಪ್ರಶ್ನೆಯನ್ನು ಮೂರನೆಯದಾಗಿ ಕೊಟ್ಟು, ಉತ್ತರಸೂಚಿಯ ಹಾಳೆಯನ್ನು ಹರಿದಿಟ್ಟುಕೊಂಡು, ಉಳಿದದ್ದನ್ನು ಮಾತ್ರ ಹಂಚಿದ್ದೇನೆ.