ಸ್ವಿಚ್ ಆಫ್ ಮಾಡಿದರೂ ಅಮ್ಮನ ಫೋನ್ ಬೆಚ್ಚಗೇ ಇತ್ತು

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ. ಏಪ್ರಿಲ್‌ನಲ್ಲಿ ಇಲ್ಲಿನ ಸೆಕೆ ಎಂಥದ್ದು ಅಂತ ಇಲ್ಲಿಯವರಿಗೆ ಗೊತ್ತು. ಅಮ್ಮನ ಫೋನ್ ಬಿಸಿಯಾಗುತ್ತಿದೆ ಅಂದಾಗ ನಾವ್ಯಾರೂ ತಲೆ ಕೆಡಿಸಿಕೊಳ್ಳದೇ ಇದ್ದದ್ದು ಅದಕ್ಕೇ. "ಈ ಸೆಕೆಗೆ ಎಲ್ಲವೂ ಬಿಸಿಯೇ ಅಲ್ವಾ ಮಗಾ" ಅಂತ ಅಮ್ಮನೂ ಸುಮ್ಮನಾಗಿದ್ದರು.

ಮೂರು ತಿಂಗಳ ಹಿಂದೆ ಆ ಫೋನಿಗೆ ಪೇಟೆಯ ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಯ ಬ್ಯಾಟರಿ ಹಾಕಿಸಿದ್ದೆ. ಬಿಸಿಯ ವಿಷಯ ಕೇಳಿದ್ದಕ್ಕೆ ಅಂಗಡಿಯವರು, "ಹೊಸ ಬ್ಯಾಟರಿ ಅಲ್ವಾ, ಸೆಟ್ ಆಗ್ಲಿಕ್ಕೆ ಸ್ವಲ್ಪ ದಿನ ಬೇಕು" ಅಂದರು. ನಾನು ನಂಬಿದೆ. ದಯವಿಟ್ಟು ನೀವು ನಂಬಬೇಡಿ. ಬ್ಯಾಟರಿ ಹಾಗೆಲ್ಲ ಸೆಟ್ ಆಗುವುದಿಲ್ಲ.

ಚಾರ್ಜ್ ಮಾಡುವಾಗ ಫೋನ್ ಬೆಚ್ಚಗಾಗುವುದು ಸಹಜ. ಚಾರ್ಜರ್‌ನಿಂದ ಬಂದ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಫೋನಿನ ಒಳಗೆ ಬದಲಾಯಿಸುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಯ ಒಳಗಿನ ತಡೆಯಿಂದಲೂ ಸ್ವಲ್ಪ ಬಿಸಿ ಹುಟ್ಟುತ್ತದೆ. ಕರೆಂಟ್ ಎರಡು ಪಟ್ಟಾದರೆ ಈ ತಡೆಯ ಬಿಸಿ ನಾಲ್ಕು ಪಟ್ಟಾಗುತ್ತದೆ. ಫಾಸ್ಟ್ ಚಾರ್ಜರ್ ಹಾಕಿದಾಗ ಜಾಸ್ತಿ ಬಿಸಿ ಅನಿಸುವುದು ಇದರಿಂದಲೇ.

ಆದರೆ ಆ ಬಿಸಿ ಹೆಚ್ಚು ಹೊತ್ತು ಉಳಿಯಬಾರದು. ಬ್ಯಾಟರಿ ಖಾಲಿ ಇರುವಾಗ ಫೋನ್ ಜಾಸ್ತಿ ಕರೆಂಟ್ ಎಳೆಯುತ್ತದೆ. ತುಂಬುತ್ತಾ ಬಂದ ಹಾಗೆ, ಸುಮಾರು 80 ಪರ್ಸೆಂಟ್ ದಾಟಿದ ಮೇಲೆ, ಕರೆಂಟ್ ಇಳಿಯುತ್ತದೆ. ಜೊತೆಗೆ ಬಿಸಿಯೂ ಇಳಿಯಬೇಕು. ಅಮ್ಮನ ಫೋನ್‌ನಲ್ಲಿ ಆಗುತ್ತಿದ್ದದ್ದು ಬೇರೆ. 100 ಆಗಿ, ವಯರ್ ತೆಗೆದು ಒಂದು ಗಂಟೆ ಕಳೆದರೂ ಬೆನ್ನು ಬಿಸಿ.

ಯಾವುದೋ ಆ್ಯಪ್ ಒಳಗೊಳಗೇ ಓಡುತ್ತಿರಬಹುದು ಅಂದುಕೊಂಡೆ. ಅಂಥದ್ದೂ ಆಗುತ್ತದೆ. ನೋಡೋಣ ಅಂತ ಒಂದು ರಾತ್ರಿ ಫುಲ್ ಚಾರ್ಜ್ ಮಾಡಿ, ಕವರ್ ತೆಗೆಯದೆ, ಸ್ವಿಚ್ ಆಫ್ ಮಾಡಿ ಮರದ ಮೇಜಿನ ಮೇಲಿಟ್ಟೆ. ಬೆಳಿಗ್ಗೆ ಮುಟ್ಟಿದರೆ ಮೇಜು ತಣ್ಣಗೆ, ಫೋನ್ ಬೆಚ್ಚಗೆ. ಆನ್ ಮಾಡಿದರೆ ಚಾರ್ಜ್ 76. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆಫ್ ಆದ ಫೋನ್ ಒಂದು ರಾತ್ರಿಗೆ ಒಂದೆರಡು ಪರ್ಸೆಂಟ್ ಇಳಿದರೆ ಹೆಚ್ಚು. ಆ 24 ಪರ್ಸೆಂಟ್ ಬ್ಯಾಟರಿಯ ಒಳಗೇ ಬಿಸಿಯಾಗಿ ಕರಗಿತ್ತು. ಅಂದರೆ ಒಳಗೆ ಎಲ್ಲೋ ಸಣ್ಣದಾಗಿ ಶಾರ್ಟ್ ಆಗುತ್ತಿತ್ತು.

ಕವರ್ ತೆಗೆದಾಗ ಉಳಿದದ್ದೂ ಕಂಡಿತು. ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿದರೆ ಫೋನ್ ತೊಟ್ಟಿಲಿನ ಹಾಗೆ ಆಡುತ್ತಿತ್ತು. ಹಿಂಬದಿಯ ಅಂಚು ಉಗುರು ತೂರುವಷ್ಟು ಎದ್ದಿತ್ತು. ಹಾಳಾಗುತ್ತಿರುವ ಬ್ಯಾಟರಿಯ ಒಳಗೆ ಗ್ಯಾಸ್ ಹುಟ್ಟುತ್ತದೆ, ಉಬ್ಬುವುದು ಅದರಿಂದ. ಮೂರು ತಿಂಗಳು ದಪ್ಪ ಕವರ್ ಅದನ್ನು ಮುಚ್ಚಿಟ್ಟಿತ್ತು. ಅಮ್ಮ ಆ ಫೋನನ್ನು ದಿನಾ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು.

ಭಾವ "ಒತ್ತಿದರೆ ಕೂರ್ತದೆ" ಅಂತ ಕೈ ಹಾಕಿದ. ನಾನು ತಡೆದೆ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಲೇಬಾರದು. ಒಳಗಿನ ಪದರ ಹರಿದು ಎರಡು ಕಡೆಯೂ ತಾಗಿದರೆ ಬೆಂಕಿ ಹತ್ತುತ್ತದೆ. ತಣ್ಣಗಾಗಲಿ ಅಂತ ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ, ಅದೂ ಬೇಡ, ಒಳಗೆ ನೀರಿನ ಪಸೆ ಕೂರುತ್ತದೆ. ನಾವು ಫೋನ್ ಆಫ್ ಮಾಡಿ, ಒಂದು ಸ್ಟೀಲ್ ಬಕೆಟಿಗೆ ಒಣ ಹೊಯ್ಗೆ ಹಾಕಿ, ಅದರ ಮೇಲಿಟ್ಟೆವು. ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯಿಂದ ದೂರ, ಬಾವಿಕಟ್ಟೆಯ ನೆರಳಿನಲ್ಲಿ. ಮರುದಿನ ಅದೇ ಬಕೆಟಿನಲ್ಲಿ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆವು.

ಇನ್ನೊಂದು ಬಗೆಯ ಬಿಸಿಯೂ ಇದೆ. ಬೆನ್ನಿಡೀ ಬೆಚ್ಚಗಾಗದೆ, ಪಿನ್ ಚುಚ್ಚುವ ಜಾಗ ಮಾತ್ರ ಬೆರಳು ಇಡಲಾರದಷ್ಟು ಸುಡುತ್ತಿದ್ದರೆ ತಪ್ಪು ಹೆಚ್ಚಾಗಿ ಬ್ಯಾಟರಿಯದ್ದಲ್ಲ. ನಮ್ಮ ಕಡಲ ಬದಿಯ ಗಾಳಿಗೆ ಪಿನ್ ಕಿಲುಬು ಹಿಡಿಯುತ್ತದೆ, ಕಿಸೆಯ ನೂಲು ಸೇರಿಕೊಳ್ಳುತ್ತದೆ, ಸರಿಯಾಗಿ ತಾಗುವುದಿಲ್ಲ. ವಯರ್ ಬದಲಿಸಿ ನೋಡಿ. ಪಿನ್ ಕಂದಾಗಿದ್ದರೆ ಅಥವಾ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಆ ಕ್ಷಣವೇ ಗೋಡೆಯ ಸ್ವಿಚ್ ಆಫ್ ಮಾಡಿ.

ಸರ್ವಿಸ್ ಸೆಂಟರಿನವರು ಫೋನ್ ಬಿಚ್ಚಿ ನಮಗೆ ಬ್ಯಾಟರಿ ತೋರಿಸಿದರು. ಚಪ್ಪಟೆ ಇರಬೇಕಾದದ್ದು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಅಮ್ಮ ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಪು ನನ್ನ ಪಕ್ಕದಲ್ಲೇ ಮಲಗ್ತಾ ಇತ್ತು" ಅಂದರು.